ಹಮಾಲಿ ಮೇಸ್ತ್ರಿಯ ಕಡೆಯವನು, ಪರಿಹಾರ ಕೊಡುವವರು ಯಾರು? ಮಿಲ್ ಮಾಲೀಕರಿಗೆ ಪತ್ರ ಬರೆಯುವ ಬಗೆ

ಗಂಗಾವತಿ, ಸಿಂಧನೂರು ಕಡೆಯ ಸಣ್ಣ ರೈಸ್ ಮಿಲ್ಲುಗಳಲ್ಲಿ ಲೋಡಿಂಗ್ ಕೆಲಸ ಸಾಮಾನ್ಯವಾಗಿ ಮೇಸ್ತ್ರಿಯ ಕೈಲಿರುತ್ತದೆ. ಹಮಾಲರನ್ನು ಕರೆತರುವುದು ಅವನು, ಚೀಲದ ಲೆಕ್ಕದಲ್ಲಿ ದುಡ್ಡು ಪಡೆಯುವುದೂ ಅವನೇ. ಹಾಗಾಗಿ ಅಪಘಾತವಾದರೆ ಅದೂ ಅವನ ತಲೆನೋವು ಎಂದು ಮಾಲೀಕರು ನಂಬಿರುತ್ತಾರೆ. ಈ ನಂಬಿಕೆ ತಪ್ಪು ಎಂದು ಮಾಲೀಕರಿಗೆ ತಿಳಿಸುವ ಕೆಲಸ ವಿಮಾ ಏಜೆಂಟರದ್ದೋ ಮಿಲ್ಲಿನ ಲೆಕ್ಕ ನೋಡುವವರದ್ದೋ ಆಗಿರುತ್ತದೆ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಪತ್ರದಲ್ಲೇ ಬರೆಯಬೇಕು.

ಕೂತು ಬರೆಯುವ ಮೊದಲು ತಲೆ ಎಣಿಸಿ. ಮಿಲ್ಲಿನಲ್ಲಿ ಕಾಯಂ ನಾಲ್ವರು, ಮೇಸ್ತ್ರಿಯ ಕಡೆಯ ಹಮಾಲರು ನಾಲ್ವರು ಎಂದಿಟ್ಟುಕೊಳ್ಳೋಣ. ಒಟ್ಟು ಎಂಟು. ಹತ್ತು ಮುಟ್ಟಿದ್ದರೆ ಸರ್ಕಾರದ ಕಾರ್ಮಿಕ ವಿಮೆಯಾದ ಇಎಸ್‌ಐ ಮಾತು ಬರುತ್ತಿತ್ತು. ಆ ಎಣಿಕೆಗೆ ಗುತ್ತಿಗೆಯವರೂ ಸೇರುತ್ತಾರೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಇಎಸ್‌ಐ ಇರುವ ಕಡೆ ಕೆಲಸಗಾರನಿಗೆ ಪರಿಹಾರ ಅಲ್ಲಿಂದಲೇ ಬರುತ್ತದೆ. ನಮ್ಮ ಮಿಲ್ಲಿಗೆ ಅದಿಲ್ಲ. ಇಲ್ಲಿ ಅಪಘಾತ ಪರಿಹಾರದ ಹೊರೆ ನೇರವಾಗಿ ಮಾಲೀಕರ ಜೇಬಿಗೇ ಬರುತ್ತದೆ.

ಪತ್ರದ ಮೊದಲ ಪ್ಯಾರಾದಲ್ಲಿ ಕಾನೂನನ್ನು ನಾಲ್ಕೇ ಸಾಲಲ್ಲಿ ಹೇಳಿ:

"ಮಾನ್ಯರೇ, ನಿಮ್ಮ ಮಿಲ್ಲಿನಲ್ಲಿ ಚೀಲ ಹೊರುವ ನಾಲ್ವರು ಮೇಸ್ತ್ರಿಯ ಕಡೆಯವರು. ಆದರೆ ಅಕ್ಕಿ ಲೋಡ್ ಮಾಡುವುದು ನಿಮ್ಮ ವ್ಯಾಪಾರದ ದಿನನಿತ್ಯದ ಭಾಗ. ಅಂಥ ಕೆಲಸವನ್ನು ಗುತ್ತಿಗೆಗೆ ಕೊಟ್ಟು, ನಿಮ್ಮ ಆವರಣದಲ್ಲಿ ಅಪಘಾತವಾದರೆ, ಕೆಲಸಗಾರ ಪರಿಹಾರವನ್ನು ನೇರವಾಗಿ ನಿಮ್ಮಿಂದಲೇ ಕೇಳಬಹುದು. ಕೊಟ್ಟ ಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ."

ಇದು 1923ರ ನೌಕರರ ಪರಿಹಾರ ಕಾಯ್ದೆಯ 12ನೇ ಕಲಮಿನ ಸಾರ. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಂದು ಅದು ಜಾರಿಯಾಯಿತು. ಮೂಲ ತತ್ವ ಹಾಗೇ ಉಳಿದಿದೆ.

"ವ್ಯಾಪಾರದ ಭಾಗ" ಎಂಬ ಮಾತನ್ನು ಸ್ವಲ್ಪ ಬಿಡಿಸಿ ಬರೆಯಿರಿ. ಇಡೀ ವಾದ ನಿಂತಿರುವುದು ಅದರ ಮೇಲೆ. ಲೋಡಿಂಗ್ ವಿಷಯದಲ್ಲಿ ಅನುಮಾನಕ್ಕೆ ಜಾಗವಿಲ್ಲ. ಅದೇ ಮಿಲ್ಲಿನ ಚಾವಣಿಯ ಶೀಟ್ ಬದಲಿಸಲು ಹೊರಗಿನವರು ಬಂದು, ಒಬ್ಬ ಬಿದ್ದ ಎನ್ನಿ. ಅಕ್ಕಿ ಮಾಡುವವರಿಗೆ ಚಾವಣಿ ಹಾಕುವುದು ವ್ಯಾಪಾರವಲ್ಲ ಎಂದು ವಾದಿಸಬಹುದು. ಆದರೆ ಹಳೇ ಶೀಟ್ ಕಾಲಿಟ್ಟರೆ ಒಡೆಯುತ್ತದೆ ಎಂದು ಗೊತ್ತಿದ್ದೂ ಮಾಲೀಕರು ಸುಮ್ಮನಿದ್ದರೆ, ನಿರ್ಲಕ್ಷ್ಯದ ದಾವೆ ಬೇರೆ ದಾರಿಯಿಂದ ಬರಬಹುದು. ಆದ್ದರಿಂದ ಎರಡೂ ಕೆಲಸಗಳನ್ನು ಪತ್ರದಲ್ಲಿ ಬೇರೆ ಬೇರೆ ಪ್ಯಾರಾದಲ್ಲಿ ಇಡಿ, ಬೆರೆಸಬೇಡಿ.

ಇನ್ನು ಹಣದ ಲೆಕ್ಕ. ಮಾಲೀಕರು ನಿಜವಾಗಿ ಓದುವುದು ಇದನ್ನೇ, ಅಲ್ವಾ? ಸಾವಿಗೆ ಪರಿಹಾರ ಎಂದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿದ ಮೊತ್ತ. ಹಮಾಲನ ವಯಸ್ಸು 30, ತಿಂಗಳಿಗೆ 18,000 ದುಡಿಯುತ್ತಾನೆ ಎನ್ನೋಣ. 2020ರ ಜನವರಿಯಲ್ಲಿ ನಿಗದಿಯಾದ ಮಿತಿಯಂತೆ ಲೆಕ್ಕಕ್ಕೆ ಬರುವುದು 15,000 ಮಾತ್ರ. ಪತ್ರ ಕಳಿಸುವ ದಿನ ಈ ಮಿತಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ. 30 ವರ್ಷದ ಗುಣಕ 207.98. ಹಾಗಾಗಿ:

7,500 × 207.98 = 15,59,850

ಸುಮಾರು ಹದಿನೈದೂವರೆ ಲಕ್ಷ. ಅಂತ್ಯಕ್ರಿಯೆಯ ಖರ್ಚು ಬೇರೆ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಬೀಳುತ್ತದೆ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಇಲ್ಲಿ ಅದು 7,79,925ರವರೆಗೆ ಹೋಗುತ್ತದೆ. ದಂಡವನ್ನು ವಿಮಾ ಕಂಪನಿ ಭರಿಸುವುದಿಲ್ಲ. ಬಡ್ಡಿ ಸಿಗುತ್ತದೋ ಇಲ್ಲವೋ ಎಂಬುದು ಪಾಲಿಸಿಯ ಷರತ್ತಿಗೆ ಬಿಟ್ಟದ್ದು. ಪರಿಹಾರ, ಬಡ್ಡಿ, ದಂಡ ಮೂರನ್ನೂ ಪತ್ರದಲ್ಲಿ ಬೇರೆ ಬೇರೆ ಸಾಲಿನಲ್ಲಿ ತೋರಿಸಿ.

ಈಗ "ನಮ್ಮಲ್ಲಿ ಅದಿದೆಯಲ್ಲ" ಎಂಬ ಉತ್ತರಗಳು ಬರುತ್ತವೆ. ಅವುಗಳಿಗೆ ಪತ್ರದಲ್ಲೇ ಮೊದಲೇ ಉತ್ತರ ಇರಲಿ.

ಒಂದು, ಛಾಪಾ ಕಾಗದದ ಕರಾರು. "ಕೆಲಸಗಾರರ ಎಲ್ಲಾ ಹೊಣೆ ಮೇಸ್ತ್ರಿಯದೇ" ಎಂದು ಬರೆಸಿಕೊಂಡಿರುತ್ತಾರೆ. ಅದು ಮಾಲೀಕ ಮತ್ತು ಮೇಸ್ತ್ರಿಯ ನಡುವಿನ ಮಾತು. ಸಹಿ ಹಾಕದ ಹಮಾಲನನ್ನು ಅದು ಕಟ್ಟಿಹಾಕುವುದಿಲ್ಲ. ಅವನೇ ಸಹಿ ಹಾಕಿದ್ದರೂ, ಪರಿಹಾರದ ಹಕ್ಕು ಬಿಟ್ಟುಕೊಡುವ ಕರಾರು ಕಾನೂನಿನ ಮುಂದೆ ಊರ್ಜಿತವಲ್ಲ. ಮೇಸ್ತ್ರಿಯಿಂದ ವಸೂಲಿ ಮಾಡಲು ಕರಾರು ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಅವನ ಹೆಸರಲ್ಲಿ ಇರುವುದು ಒಂದು ಬೈಕ್ ಮಾತ್ರ ಆದರೆ ಹದಿನೈದು ಲಕ್ಷ ಎಲ್ಲಿಂದ ಬರಬೇಕು?

ಎರಡು, ಬ್ಯಾಂಕಿನ 20 ರೂಪಾಯಿ ವಿಮೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ ಎರಡು ಲಕ್ಷ ಸಿಗುತ್ತದೆ. ಅದು ಹಮಾಲನ ಸ್ವಂತ ವಿಮೆ. ಮಾಲೀಕರು ಕೊಡಬೇಕಾದ ಮೊತ್ತದಿಂದ ಅದನ್ನು ಕಳೆಯಲು ಬರುವುದಿಲ್ಲ.

ಮೂರನೆಯದು ಹೆಚ್ಚು ಕಾಡುವಂಥದ್ದು. ಮಾಲೀಕರ ಹೆಸರಲ್ಲಿ ನೌಕರರ ಪರಿಹಾರ ಪಾಲಿಸಿ ಇದೆ, ಪ್ರೀಮಿಯಂ ಕಟ್ಟಿದ್ದಾರೆ. ಆದರೆ ಅದರ ಶೆಡ್ಯೂಲ್ ತೆಗೆದು ನೋಡಿದರೆ ಕಾಯಂ ನಾಲ್ವರ ಕೂಲಿ ಮಾತ್ರ ಘೋಷಿಸಿರುತ್ತದೆ. ಸಾಮಾನ್ಯ ಪಾಲಿಸಿ ಕಾಯುವುದು ನೇರ ನೌಕರರನ್ನು. ಗುತ್ತಿಗೆಯವರನ್ನು ಸೇರಿಸಲು ಪಾಲಿಸಿಗೆ ಲಿಖಿತ ಸೇರ್ಪಡೆ, ಅಂದರೆ ಪ್ರತ್ಯೇಕ ಎಂಡಾರ್ಸ್‌ಮೆಂಟ್ ಬೇಕು, ಅವರ ಕೂಲಿಯನ್ನೂ ಘೋಷಿಸಿ ಹೆಚ್ಚಿನ ಪ್ರೀಮಿಯಂ ಕಟ್ಟಬೇಕು. ವರ್ಷವಿಡೀ ಮೇಸ್ತ್ರಿಗೆ ಕೊಟ್ಟ ಹಮಾಲಿ ಲೆಕ್ಕಪುಸ್ತಕದಲ್ಲಿ ಇದ್ದೇ ಇರುತ್ತದೆ. ಆ ಮೊತ್ತವನ್ನು ಪಾಲಿಸಿಯ ಘೋಷಣೆಯ ಪಕ್ಕದಲ್ಲಿಟ್ಟು ಹೋಲಿಸಿ, ಕೊರತೆಯನ್ನು ಪತ್ರದಲ್ಲಿ ಅಂಕಿಯಲ್ಲೇ ಬರೆಯಿರಿ. ಅಲ್ಲಿ ಕಾಣುವ ವ್ಯತ್ಯಾಸವೇ ವಿಮೆಯ ತೂತು.

ಮೇಸ್ತ್ರಿಯೇ ಪಾಲಿಸಿ ಮಾಡಿಸಿದ್ದೇನೆ ಎಂದರೆ ಒಳ್ಳೆಯದೇ, ಆದರೆ ಪ್ರತಿ ಕೇಳಿ. ಕೆಲಸದ ವಿವರದಲ್ಲಿ ಲೋಡಿಂಗ್ ಇದೆಯೇ, ಕೆಲಸದ ಜಾಗವಾಗಿ ನಿಮ್ಮ ಮಿಲ್ ಇದೆಯೇ, ಅವಧಿ ಮುಗಿದಿಲ್ಲ ತಾನೇ, ಕೆಲಸ ಕೊಟ್ಟ ಮಾಲೀಕರ ಮೇಲೆ ಬರುವ ಹೊಣೆಗೂ ರಕ್ಷಣೆ ಸೇರಿಸಿದೆಯೇ ಎಂದು ನೋಡಿ. ಕೊನೆಯದು ಬಹುತೇಕ ಬಿಟ್ಟುಹೋಗಿರುತ್ತದೆ.

ಪತ್ರದ ಕಡೆಯ ಭಾಗದಲ್ಲಿ ಒಂದು ಎಚ್ಚರಿಕೆ ಇರಲಿ. ಸಾವಾದಾಗ ಊರ ಹಿರಿಯರನ್ನು ಕೂರಿಸಿ ಮನೆಯವರ ಕೈಗೆ ನಗದು ಕೊಟ್ಟು ಮುಗಿಸುವ ರೂಢಿ ಇದೆ. ಸದುದ್ದೇಶದಿಂದ ಕೊಟ್ಟರೂ ಕಾನೂನು ಅದನ್ನು ಪರಿಹಾರ ಎಂದು ಒಪ್ಪುವುದಿಲ್ಲ. ಹಣವನ್ನು ಪರಿಹಾರ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಮುಂಗಡವಾಗಿ ಕೊಟ್ಟದ್ದರಲ್ಲಿ ಮೂರು ತಿಂಗಳ ಕೂಲಿಯಷ್ಟನ್ನು ಮಾತ್ರ ಕಳೆಯಬಹುದು. ಮನೆಯವರು ಮುಂದೆ ದಾವೆ ಹಾಕಿದರೆ ಉಳಿದದ್ದನ್ನು ಎರಡನೇ ಸಲ ಕೊಡಬೇಕಾಗುತ್ತದೆ.

ಆಮೇಲೆ ಮಾಡಬೇಕಾದ್ದನ್ನು ಹೇಳಿ: "ಗುತ್ತಿಗೆ ಕೂಲಿಯನ್ನು ಸೇರಿಸಿ ಎಂಡಾರ್ಸ್‌ಮೆಂಟ್ ಕೊಡುವಂತೆ ವಿಮಾ ಕಂಪನಿಗೆ ಈ ವಾರವೇ ಬರೆಯಲು ಒಪ್ಪಿಗೆ ಕೊಡಿ. ಬೇಡವೆಂದರೆ ಈ ಪತ್ರದ ಕೆಳಗೆ ಹಾಗೆಂದು ಬರೆದು ಸಹಿ ಮಾಡಿ."

ತಾರೀಕು ಹಾಕಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಪಡೆಯಿರಿ. ಕಂಪನಿಗೆ ಇಮೇಲ್ ಕಳಿಸಿದ ದಿನದಿಂದಲೇ ರಕ್ಷಣೆ ಶುರು ಎಂದು ಮಾತ್ರ ಹೇಳಬೇಡಿ. ಪ್ರೀಮಿಯಂ ಕಟ್ಟಿ, ಎಂಡಾರ್ಸ್‌ಮೆಂಟಿನಲ್ಲಿ ನಮೂದಾದ ದಿನ ಬರುವವರೆಗೆ ಆಗುವ ಅಪಘಾತಕ್ಕೆ ಹಣ ಹೊಂದಿಸಬೇಕಾದವರು ಮಾಲೀಕರೇ. ಅಲ್ಲಿಯವರೆಗೆ ಲೋಡಿಂಗ್ ನಡೆಸಬೇಕೋ ಬೇಡವೋ ಎಂಬ ತೀರ್ಮಾನವನ್ನೂ ಅವರಿಗೇ ಬಿಡಿ.