ಸನ್‌ಸ್ಕ್ರೀನ್ ಕೆಳಗೆ ಫೆರುಲಿಕ್ ಆಸಿಡ್ ಸೀರಮ್: ನಾನು ಬಳಸುವ ಕ್ರಮ

ಸನ್‌ಸ್ಕ್ರೀನ್ ಎಷ್ಟು ಚೆನ್ನಾಗಿ ಹಚ್ಚಿದರೂ ಸ್ವಲ್ಪ ಯುವಿ ಒಳಗೆ ಇಳಿದೇ ಇಳಿಯುತ್ತದೆ. ಬೆವರು ಒರೆಸಿಕೊಂಡಾಗ ಪದರ ಇನ್ನಷ್ಟು ತೆಳುವಾಗುತ್ತದೆ. ಹಾಗೆ ಇಳಿದ ಕಿರಣ ಚರ್ಮದಲ್ಲಿ ಜೀವಕೋಶಗಳನ್ನು ಕೆಡಿಸುವ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಆಂಟಿಆಕ್ಸಿಡೆಂಟ್ ಸೀರಮ್ ಇರುವುದು ಅವುಗಳನ್ನು ಅಡಗಿಸಲು. ಅದು ಕಿರಣವನ್ನು ತಡೆಯುವ ಕ್ರೀಮ್ ಅಲ್ಲ, ಆದ್ದರಿಂದ ಸನ್‌ಸ್ಕ್ರೀನ್ ಇಲ್ಲದೆ ಸೀರಮ್ ಒಂದನ್ನೇ ಹಚ್ಚಿಕೊಂಡು ಹೊರಗೆ ಹೋಗುವುದರಲ್ಲಿ ಅರ್ಥವಿಲ್ಲ.

ಬೆಳಗಿನ ಹೊತ್ತಿಗೆ ನಾನು ಆರಿಸಿಕೊಂಡಿರುವುದು 15% ಎಲ್-ಆಸ್ಕಾರ್ಬಿಕ್ ಆಸಿಡ್ (ವಿಟಮಿನ್ ಸಿ), 1% ವಿಟಮಿನ್ ಇ, ಜೊತೆಗೆ ಗಿಡಗಳಲ್ಲಿ ಸಿಗುವ ಆಂಟಿಆಕ್ಸಿಡೆಂಟ್ ಆದ ಫೆರುಲಿಕ್ ಆಸಿಡ್ 0.5% ಇರುವ ಸೀರಮ್. ಈ ಅಳತೆ ಬಂದದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ ಪ್ರಕಟಿಸಿದ ಕೆಲಸದಿಂದ. ಫೆರುಲಿಕ್ ಸೇರಿದಾಗ ಸಿ ಮತ್ತು ಇ ಬೇಗ ಹಾಳಾಗುವುದು ಕಡಿಮೆಯಾಯಿತು, ರಕ್ಷಣೆ ಸುಮಾರು ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು. ಆದರೆ ಅದು ಹಂದಿಯ ಚರ್ಮದ ಮೇಲೆ, ಲ್ಯಾಬಿನ ದೀಪದ ಕೆಳಗೆ ಅಳೆದ ಲೆಕ್ಕ. ಎಸ್‌ಪಿಎಫ್ 30ನ್ನು ಎಂಟರಿಂದ ಗುಣಿಸಲು ಹೋಗಬೇಡಿ.

ಮುಖ ತೊಳೆದು, ಟವೆಲ್‌ನಿಂದ ಒತ್ತಿ ಪೂರ್ತಿ ಒಣಗಿಸುತ್ತೇನೆ. ಈ ಸೀರಮ್ ಹುಳಿ, ಅದರ ಪಿಎಚ್ 3.5ಕ್ಕಿಂತ ಕಡಿಮೆ ಇರುತ್ತದೆ, ಇಲ್ಲದಿದ್ದರೆ ವಿಟಮಿನ್ ಸಿ ಚರ್ಮದೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಐದು ಹನಿ, ಅಂದರೆ ಸುಮಾರು 0.25 ಮಿ.ಲೀ., ಮುಖಕ್ಕೂ ಕುತ್ತಿಗೆಗೂ ಸಾಕು. ಹತ್ತು ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಅಂಟು ಇನ್ನೂ ಇದ್ದರೆ ಮತ್ತೆ ಕಾಯಬೇಕು. ಆಮೇಲೆ ಎರಡು ಬೆರಳುದ್ದ ಸನ್‌ಸ್ಕ್ರೀನನ್ನು ಎರಡು ಸಲವಾಗಿ ಹಚ್ಚುತ್ತೇನೆ. ಉಜ್ಜುವುದಿಲ್ಲ, ಒತ್ತಿ ಹರಡುತ್ತೇನೆ.

ಕೆಲವರಿಗೆ ಸನ್‌ಸ್ಕ್ರೀನ್ ರಬ್ಬರ್ ಪುಡಿಯಂತೆ ಉಂಡೆಯುಂಡೆಯಾಗಿ ಕಿತ್ತು ಬರುತ್ತದೆ. ಸೀರಮ್ ಹೆಚ್ಚಾಗಿದ್ದರೆ, ಆರದೇ ಇದ್ದರೆ, ಅಥವಾ ಎರಡರಲ್ಲಿರುವ ಸಿಲಿಕೋನ್, ಜೆಲ್ ಹಿಡಿಸುವ ಪದಾರ್ಥಗಳು ಹೊಂದದಿದ್ದರೆ ಹೀಗಾಗುತ್ತದೆ. ಹನಿ ಕಡಿಮೆ ಮಾಡಿ, ಕಾಯುವ ಹೊತ್ತು ಹೆಚ್ಚಿಸಿ ನೋಡಿ. ಆಗಲೂ ಕಿತ್ತು ಬಂದರೆ ಜೋಡಿಯನ್ನೇ ಬದಲಿಸಿ, ಏಕೆಂದರೆ ಕಿತ್ತ ಜಾಗದಲ್ಲಿ ಸನ್‌ಸ್ಕ್ರೀನ್ ಇರುವುದಿಲ್ಲ.

ದುಡ್ಡು ಹಾಳಾಗುವುದು ಹೆಚ್ಚಾಗಿ ಬಾಟಲಿಯೊಳಗೆ. ದಿನಕ್ಕೆ 0.25 ಮಿ.ಲೀ. ಲೆಕ್ಕದಲ್ಲಿ 30 ಮಿ.ಲೀ. ಬಾಟಲಿ ನಾಲ್ಕು ತಿಂಗಳು ಬರುತ್ತದೆ. ಮುಚ್ಚಳ ತೆಗೆದ ಮೇಲೆ ಇಂಥ ಸೀರಮ್ ಅಷ್ಟು ದಿನ ಚೆನ್ನಾಗಿ ಉಳಿಯುವುದು ಕಷ್ಟ, ಮಂಗಳೂರಿನ ಸೆಕೆಯಲ್ಲಂತೂ ಇನ್ನೂ ಕಷ್ಟ. ಅದಕ್ಕೇ ನಾನು 15 ಮಿ.ಲೀ. ಬಾಟಲಿ ಕೊಳ್ಳುತ್ತೇನೆ, ಎರಡು ತಿಂಗಳಿಗೆ ಮುಗಿಯುತ್ತದೆ. ಫ್ರಿಜ್‌ನಲ್ಲಿಟ್ಟು, ಹನಿ ತೆಗೆದ ಕೂಡಲೇ ಮುಚ್ಚುತ್ತೇನೆ. ಆಗಾಗ ಬಿಳಿ ಟಿಶ್ಯೂ ಮೇಲೆ ಒಂದು ಹನಿ ಹಾಕಿ ನೋಡುತ್ತೇನೆ. ತೆಳು ಹುಲ್ಲುಹಳದಿ ಇದ್ದರೆ ಸರಿ. ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಎಸೆಯುತ್ತೇನೆ, ಅದರಲ್ಲಿ ವಿಟಮಿನ್ ಸಿ ಬಹುಪಾಲು ಹೋಗಿರುತ್ತದೆ, ಉಗುರಿನ ಅಂಚಿಗೂ ದಿಂಬಿನ ಕವರಿಗೂ ಕಂದು ಕಲೆ ಹಿಡಿಯುತ್ತದೆ.

ಹಚ್ಚಿದಾಗ ಒಂದೆರಡು ನಿಮಿಷ ಚುರುಗುಟ್ಟುವುದು ಸಹಜ. ಕೆಂಪಾಗಿ, ಗಂಟೆಗಟ್ಟಲೆ ಉರಿದರೆ ನಿಲ್ಲಿಸಿ. ನಮ್ಮ ಮೈಬಣ್ಣದಲ್ಲಿ ಉರಿಯೂತ ಆರಿದ ಜಾಗ ಕಪ್ಪಾಗಿ ಉಳಿದುಬಿಡುತ್ತದೆ. ಆದ್ದರಿಂದ ಮೊದಲು ಕೆಲವು ದಿನ ಕಿವಿಯ ಹಿಂದೆ ಹಚ್ಚಿ ನೋಡುವುದು ಒಳ್ಳೆಯದು.

ಈ ಹುಳಿ ತಡೆಯದವರಿಗೆ ಗ್ರೀನ್ ಟೀ ಸೀರಮ್ ಸೌಮ್ಯವಾಗುತ್ತದೆ. ಆದರೆ ಲೇಬಲ್ ಓದಿ. ಗ್ರೀನ್ ಟೀ ಎಕ್ಸ್‌ಟ್ರಾಕ್ಟ್‌ನ ಹೆಸರು, ಕೆಡದಂತೆ ಸಾಮಾನ್ಯವಾಗಿ 1%ವರೆಗೆ ಮಾತ್ರ ಹಾಕುವ ಫಿನಾಕ್ಸಿಎಥನಾಲ್‌ನ ನಂತರ ಬಂದಿದ್ದರೆ ಅದು 1% ಕೂಡ ಇರುವ ಸಾಧ್ಯತೆ ಕಡಿಮೆ. ಮನೆಯಲ್ಲಿ ಗ್ರೀನ್ ಟೀ ಕುದಿಸಿ ಬಾಟಲಿಗೆ ತುಂಬಿಡಬೇಡಿ: ಅದರ ಮುಖ್ಯ ಆಂಟಿಆಕ್ಸಿಡೆಂಟ್ ಆದ ಇಜಿಸಿಜಿ ಬೇಗ ಕಂದುಗಟ್ಟುತ್ತದೆ, ಪ್ರಿಸರ್ವೇಟಿವ್ ಇಲ್ಲದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ದ್ರಾಕ್ಷಿಯಲ್ಲಿರುವ ಆಂಟಿಆಕ್ಸಿಡೆಂಟ್ ರೆಸ್ವೆರಟ್ರಾಲ್ ಬೆಳಕಿಗೆ ತನ್ನ ರೂಪವನ್ನೇ ಬದಲಿಸುತ್ತದೆ, ಅದಕ್ಕೆ ನಾನು ಅದನ್ನು ರಾತ್ರಿಗೆ ಇಟ್ಟಿದ್ದೇನೆ.

ಮೊದಲ ವಾರಗಳಲ್ಲಿ ಕನ್ನಡಿಯಲ್ಲಿ ಏನೂ ಕಾಣಿಸದು. ಆಗದೇ ಉಳಿದ ಹಾನಿ ಕಣ್ಣಿಗೆ ಬೀಳುವುದಿಲ್ಲವಲ್ಲ! ಮೂರು ತಿಂಗಳಲ್ಲಿ ಮೈಬಣ್ಣ ಸ್ವಲ್ಪ ಸಮನಾಗಿ, ಮಂಕು ಕಡಿಮೆಯಾದರೆ ಅದೇ ಒಳ್ಳೆಯ ಫಲ. ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ಹೊತ್ತಿಗೆ ಫೋಟೊ ತೆಗೆದು ಹೋಲಿಸಿ. ಬಂಗು ಇದ್ದರೆ ಇದೊಂದರಿಂದ ಹೋಗುವುದಿಲ್ಲ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆದಕುತ್ತದೆ, ಅದಕ್ಕೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಬೇಕು, ಚರ್ಮವೈದ್ಯರಿಗೂ ತೋರಿಸಬೇಕು.