ವಿಆರ್ ಹಾಕಿದರೆ ಹೊಟ್ಟೆ ತೊಳಸುತ್ತಾ? ರೋಲರ್ ಕೋಸ್ಟರ್‌ನಿಂದ ಶುರು ಮಾಡಬೇಡಿ

ಮನೆಗೆ ಹೊಸ ವಿಆರ್ ಹೆಡ್‌ಸೆಟ್ ಬಂದರೆ, ಬಂದವರ ತಲೆಗೆಲ್ಲ ಅದನ್ನು ಹಾಕಿ ಮೊದಲು ರೋಲರ್ ಕೋಸ್ಟರ್ ತೋರಿಸುತ್ತಾರೆ. ಸ್ವಲ್ಪ ಹೊತ್ತಿಗೇ ಯಾರಾದರೊಬ್ಬರು ಬೆವರಿ, ಕಣ್ಣು ಮುಚ್ಚಿ ಸೋಫಾ ಮೇಲೆ ಒರಗಿರುತ್ತಾರೆ. ‘ನಂಗೆ ಇದು ಆಗಿಬರಲ್ಲ’ ಅಂತ ಮತ್ತೆ ಅದನ್ನು ಮುಟ್ಟುವುದೇ ಇಲ್ಲ. ಇವರಲ್ಲಿ ಎಷ್ಟೋ ಜನರಿಗೆ ಆಗಿಬರುತ್ತದೆ, ನಿಧಾನವಾಗಿ ಹೋದರೆ.

ಘಾಟಿ ರಸ್ತೆಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕೂತರೆ ವಾಕರಿಕೆ ಬರುತ್ತಲ್ವಾ? ಅಲ್ಲಿ ಒಳಗಿವಿಯ ಸಮತೋಲನದ ಅಂಗಕ್ಕೆ ಓಲಾಟ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ವಿಆರ್‌ನಲ್ಲಿ ಇದು ಉಲ್ಟಾ. ಕಣ್ಣು ‘ಓಡುತ್ತಿದ್ದೇನೆ’ ಅನ್ನುತ್ತದೆ, ಕಿವಿ ‘ನಿಂತಲ್ಲೇ ಇದ್ದೇನೆ’ ಅನ್ನುತ್ತದೆ. ಈ ಜಗಳಕ್ಕೆ ಮೆದುಳನ್ನು ಸ್ವಲ್ಪಸ್ವಲ್ಪವಾಗಿ ಒಗ್ಗಿಸಬೇಕು.

ಹಂತ 1: ಲೆನ್ಸ್ ಸರಿಮಾಡಿ. ಎರಡು ಲೆನ್ಸ್‌ಗಳ ನಡುವಿನ ಅಂತರ ನಿಮ್ಮ ಕಣ್ಣಿನ ಪಾಪೆಗಳ ಅಂತರಕ್ಕೆ ಹೊಂದಬೇಕು. ಮೆಟಾ ಕಂಪನಿಯ ಕ್ವೆಸ್ಟ್ 2 ಹೆಡ್‌ಸೆಟ್‌ನಲ್ಲಿ 58, 63, 68 ಮಿಲಿಮೀಟರ್ ಅಂತ ಮೂರು ಜಾಗಗಳಿವೆ, ಕ್ವೆಸ್ಟ್ 3ರಲ್ಲಿ ತಿರುಗಿಸುವ ಚಕ್ರವಿದೆ. ಅಕ್ಷರ ಚೊಕ್ಕವಾಗಿ ಕಾಣುವ ತನಕ ಹೊಂದಿಸಿ. ಮೊಬೈಲ್ ತೂರಿಸುವ ಅಗ್ಗದ ರಟ್ಟಿನ, ಪ್ಲಾಸ್ಟಿಕ್ ಡಬ್ಬಿಗಳನ್ನು ಮಾತ್ರ ಕೊಳ್ಳಬೇಡಿ. ಅವಕ್ಕೆ ತಲೆ ತಿರುಗಿದ್ದಷ್ಟೇ ತಿಳಿಯುತ್ತದೆ, ನೀವು ಮುಂದೆ ಬಾಗಿದ್ದು ತಿಳಿಯುವುದಿಲ್ಲ. ಅದರಲ್ಲಿ ಅಭ್ಯಾಸ ಮಾಡಿ ಏನೂ ಪ್ರಯೋಜನವಿಲ್ಲ.

ಹಂತ 2: ನಿಂತಲ್ಲೇ ಆಡಿ. ಎದುರಿಗೆ ಬರುವ ಚೌಕಗಳನ್ನು ಕತ್ತಿಯಿಂದ ಕಡಿಯುವ ಬೀಟ್ ಸೇಬರ್ ತರಹದ ಆಟ, ದಿನಕ್ಕೆ 10 ನಿಮಿಷ, ಸುಮಾರು ಒಂದು ವಾರ.

ಹಂತ 3: ಜಿಗಿದು ಹೋಗಿ. ತೋರಿಸಿದ ಜಾಗಕ್ಕೆ ಒಂದೇ ಸಲ ಹಾರುವ Teleport ಇರುವ ಆಟ ಆರಿಸಿ. ದಾರಿಯುದ್ದಕ್ಕೂ ಓಡುವ ದೃಶ್ಯ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಜಗಳವೂ ಕಡಿಮೆ.

ಹಂತ 4: ಜಾಯ್‌ಸ್ಟಿಕ್‌ನಲ್ಲಿ ನಡೆಯಿರಿ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಆಟದ Comfort ಸೆಟ್ಟಿಂಗ್‌ಗೆ ಹೋಗಿ Vignette ಅನ್ನು ಪೂರ್ತಿ ಏರಿಸಿ. ಆಗ ನೀವು ಚಲಿಸುವಾಗ ದೃಶ್ಯದ ಅಂಚು ಕಪ್ಪಾಗುತ್ತದೆ. ಚಲನೆಯ ಭ್ರಮೆ ಜಾಸ್ತಿ ಹುಟ್ಟುವುದು ಕಣ್ಣಂಚಿನಲ್ಲೇ, ಅದಕ್ಕೇ ಇದು ಕೆಲಸ ಮಾಡುತ್ತದೆ. ತಿರುಗುವುದಕ್ಕೆ ಒಂದೇ ಏಟಿಗೆ ಇಷ್ಟು ಡಿಗ್ರಿ ಅಂತ ಹೊರಳುವ Snap Turn ಇಡಿ, ದೃಶ್ಯ ಬಿಡದೆ ಸುತ್ತುತ್ತಾ ಹೋಗುವ Smooth Turn ಬೇಡವೇ ಬೇಡ. ಅದಕ್ಕಿಂತ ಒಳ್ಳೆಯದು ಅಂದರೆ ನಿಂತುಕೊಂಡು ಮೈಯನ್ನೇ ತಿರುಗಿಸುವುದು, ಆಗ ಕಿವಿಗೂ ಅದೇ ಸುದ್ದಿ ತಲುಪುತ್ತದೆ. ಮೊದಲು ಸಮತಟ್ಟು ನೆಲದಲ್ಲಿ ಮುಂದಕ್ಕೆ ಮಾತ್ರ ನಡೆಯಿರಿ. ಪಕ್ಕಕ್ಕೆ, ಹಿಂದಕ್ಕೆ ಸರಿಯುವುದು ಆಮೇಲೆ, ಮೆಟ್ಟಿಲು ಎಲ್ಲಕ್ಕಿಂತ ಕೊನೆಗೆ. ಎದುರಿಗೆ ಒಂದು ಟೇಬಲ್ ಫ್ಯಾನ್ ಹಾಕಿಕೊಳ್ಳಿ. ಮೈ ತಂಪಾಗಿರುತ್ತದೆ, ನಿಜವಾಗಿ ಯಾವ ಕಡೆ ಮುಖ ಮಾಡಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ.

ನಿಲ್ಲಿಸುವುದು ಯಾವಾಗ? ವಾಕರಿಕೆ ಬಂದಾಗಲ್ಲ, ಅದಕ್ಕಿಂತ ಮೊದಲು. ಮೈ ಬಿಸಿಯಾಗುವುದು, ಹಣೆಯಲ್ಲಿ ತಣ್ಣನೆ ಬೆವರು, ಬಾಯಲ್ಲಿ ನೀರೂರುವುದು, ಸುಮ್ಸುಮ್ನೆ ಆಕಳಿಕೆ, ತೇಗು, ಇವುಗಳಲ್ಲಿ ಒಂದು ಕಂಡರೂ ಕಣ್ಣು ಮುಚ್ಚಿ, ಹೆಡ್‌ಸೆಟ್ ತೆಗೆಯಿರಿ, ಕಿಟಕಿಯಾಚೆ ದೂರಕ್ಕೆ ನೋಡಿ. ಆ ದಿನಕ್ಕೆ ಅಷ್ಟೇ. ‘ಇನ್ನೊಂದು ಲೆವೆಲ್ ಮುಗಿಸಿಬಿಡ್ತೀನಿ’ ಅಂತ ಹಲ್ಲು ಕಚ್ಚಿ ಆಡಿದರೆ ತಾಳಿಕೆ ಬೆಳೆಯುವುದಿಲ್ಲ, ಸಂಕಟ ಗಂಟೆಗಟ್ಟಲೆ ಉಳಿಯುತ್ತದೆ. ಕೆಲವರಿಗೆ ಆಮೇಲೆ ಹೆಡ್‌ಸೆಟ್ ನೋಡಿದರೇ ಹೊಟ್ಟೆ ತೊಳಸತೊಡಗುತ್ತದೆ. ತಲೆ ಪೂರ್ತಿ ತಿಳಿಯಾಗುವ ತನಕ ಸ್ಕೂಟರ್ ಹತ್ತಬೇಡಿ.

ನನ್ನ ಅಕ್ಕನ ಮಗನಿಗೆ ಮುಂದಕ್ಕೆ ನಡೆದರೆ ಏನೂ ಆಗುತ್ತಿರಲಿಲ್ಲ, ಎರಡು ಸಲ ತಿರುಗಿದರೆ ಬೆವರುತ್ತಿದ್ದ. ನೋಡಿದರೆ Smooth Turn ಆನ್ ಇತ್ತು. ಅದನ್ನು 45 ಡಿಗ್ರಿಯ Snap Turn ಮಾಡಿದೆವು, ಬೆವರು ನಿಂತಿತು. ಆಮೇಲೆ ಮೆಟ್ಟಿಲು ಇಳಿಯುವಾಗ ಮಾತ್ರ ಕಷ್ಟವಾಯಿತು, ಅಲ್ಲಷ್ಟೇ Teleport ಬಳಸಿದ. ಅದೂ ಸರಿಹೋದ ಮೇಲೆ Vignette ಅನ್ನು ಒಂದೊಂದೇ ಹಂತ ಇಳಿಸಿದ. ಹೀಗೇ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ತೊಂದರೆ ಕೊಟ್ಟಿತು ಅಂತ ಹೇಗೆ ಗೊತ್ತಾಗಬೇಕು?

ಶುಂಠಿ ಚೂರು ಅಗಿದರೆ ಕೆಲವರಿಗೆ ಹಗುರ ಅನ್ನಿಸುತ್ತದೆ, ಅಗಿಯಿರಿ. ಬಸ್ ಪ್ರಯಾಣಕ್ಕೆ ನುಂಗುವ ಮಾತ್ರೆ ಮಾತ್ರ ಬೇಡ. ಅದರಿಂದ ನಿದ್ದೆ ಬರುತ್ತದೆ, ಮೇಲೆ ಹೇಳಿದ ಮುನ್ಸೂಚನೆಗಳೂ ಸರಿಯಾಗಿ ತಿಳಿಯದೆ ಹೋಗಬಹುದು. ಚಿತ್ರ ತಡವರಿಸುತ್ತಾ ಓಡುವ ಆಟವಿದ್ದರೆ ತಪ್ಪು ನಿಮ್ಮದಲ್ಲ, ಆ ಆಟ ತೆಗೆದುಹಾಕಿ.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ Smooth Turn ಒಗ್ಗುವುದೇ ಇಲ್ಲ. ಅವರು Snap Turn ಇಟ್ಟುಕೊಂಡೇ ಆಡಲಿ. ಕೆಲವು ವಾರ ಬಿಟ್ಟು ಮತ್ತೆ ಹಾಕಿದರೆ ತಾಳಿಕೆ ಸ್ವಲ್ಪ ಇಳಿದಿರುತ್ತದೆ, ಆಗ ಬಿಟ್ಟ ಹಂತಕ್ಕಿಂತ ಒಂದು ಹಂತ ಕೆಳಗಿನಿಂದ ಶುರು ಮಾಡಿ.