ಗಿಜಿಗುಡೋ ಫ್ಲೋಚಾರ್ಟ್‌ನ ಪೇಜ್ ಪೇಜ್ ಆಗಿ ಒಡೆಯೋದು ಹೇಗೆ?

ಆನ್‌ಲೈನ್ ಅಂಗಡಿಯ ಆರ್ಡರ್ ಫ್ಲೋಚಾರ್ಟ್ ಒಂದಿದೆ ಅಂತಿಟ್ಕೊಳ್ಳಿ. ನಲವತ್ತು ಚಿಲ್ಲರೆ ಬಾಕ್ಸು, ಬಾಣಗಳು ಒಂದರ ಮೇಲೊಂದು ಹತ್ತಿ ಹೋಗಿವೆ, ಪ್ರಿಂಟ್ ತೆಗೆದ್ರೆ ಅಕ್ಷರ ಕಾಣಲ್ಲ, ಸ್ಕ್ರೀನಲ್ಲಿ ಜೂಮ್ ಮಾಡಿದ್ರೆ ಬಾಣ ಎಲ್ಲಿಂದ ಬಂತು ಅನ್ನೋದೇ ಮರೆತುಹೋಗತ್ತೆ. ಇದನ್ನ ಒಡೀಬೇಕು ಅನ್ನೋದು ಎಲ್ರಿಗೂ ಗೊತ್ತು, ಆದ್ರೆ ಎಲ್ಲಿ ಒಡೀಬೇಕು ಅನ್ನೋದ್ರಲ್ಲೇ ಅರ್ಧ ಕೆಲಸ ಇದೆ.

ಸಾಮಾನ್ಯವಾಗಿ ಜನ ಡಿಪಾರ್ಟ್‌ಮೆಂಟ್ ನೋಡಿ ಒಡೀತಾರೆ: ಪೇಮೆಂಟ್‌ನೋರದ್ದು ಒಂದು ಪೇಜು, ಗೋಡೌನ್‌ನೋರದ್ದು ಇನ್ನೊಂದು. ಹಾಗೆ ಮಾಡೋ ಮುಂಚೆ ಹಳೇ ಚಿತ್ರದ ಮೇಲೆ ಪೆನ್ಸಿಲ್‌ನಲ್ಲಿ ಗಡಿ ಎಳೆದು, ಎಷ್ಟು ಬಾಣ ಆ ಗಡಿ ದಾಟ್ತಾವೆ ಅಂತ ಎಣಿಸಿ. ನಮ್ಮ ಚಾರ್ಟಲ್ಲಿ ಗಿರಾಕಿ ಆರ್ಡರ್ ಒತ್ತಿದ ಕೂಡ್ಲೇ 'ಸ್ಟಾಕ್ ಹಿಡಿದಿಡು' ಅಂತ ಒಂದು ಬಾಕ್ಸ್ ಇದೆ, ಪೇಮೆಂಟ್ ಫೇಲಾದ್ರೆ 'ಹಿಡಿದ ಸ್ಟಾಕ್ ಬಿಡು' ಅಂತ ಇನ್ನೊಂದು. ಎರಡೂ ಗೋಡೌನ್ ಕೆಲಸ ಅಂತ ಆ ಕಡೆ ಹಾಕಿದ್ರೆ ಬಾಣಗಳ ಕಥೆ ನೋಡಿ: ಆರ್ಡರ್‌ನಿಂದ ಹಿಡಿದಿಡೋದಕ್ಕೆ ಒಂದು, ಅಲ್ಲಿಂದ ಪೇಮೆಂಟ್ ಕೇಳೋಕೆ ವಾಪಸ್ ಒಂದು, ಫೇಲಾದಾಗ ಬಿಡೋಕೆ ಒಂದು, ಬಿಟ್ಟ ಮೇಲೆ 'ಮತ್ತೆ ಟ್ರೈ ಮಾಡಿ' ತೋರಿಸೋಕೆ ವಾಪಸ್ ಒಂದು, ಕೊನೆಗೆ ಹಣ ಬಂದ ಮೇಲೆ ಪ್ಯಾಕಿಂಗ್‌ಗೆ ಒಂದು. ಒಟ್ಟು 5. ಅದೇ ಆ ಎರಡು ಬಾಕ್ಸನ್ನ ಪೇಮೆಂಟ್ ಪೇಜ್‌ಗೇ ಎಳ್ಕೊಂಡ್ರೆ ಗಡಿ ದಾಟೋದು ಒಂದೇ ಬಾಣ, 'ಹಣ ಬಂತು, ಪ್ಯಾಕ್ ಮಾಡಿ'. ಅದಕ್ಕೇ ಕೆಲಸ ಯಾರು ಮಾಡ್ತಾರೆ ಅನ್ನೋದನ್ನ ಬದಿಗಿಟ್ಟು ಗಡಿ ದಾಟೋ ಬಾಣ ಎಲ್ಲಿ ಕಮ್ಮಿ ಅಂತ ನೋಡಿ ಕತ್ತರಿಸಿ. ಸುತ್ತಿ ಸುತ್ತಿ ವಾಪಸ್ ಬರೋ ಲೂಪ್ ಇದ್ರೆ ಅದನ್ನ ಯಾವತ್ತೂ ಎರಡು ಪೇಜ್‌ಗೆ ಹಂಚಬೇಡಿ.

ಹೀಗೆ ಎಣಿಸ್ತಾ ಹೋದ್ರೆ ನಮ್ಮ ಚಾರ್ಟು ಪೇಮೆಂಟ್, ಪ್ಯಾಕಿಂಗ್-ಡೆಲಿವರಿ, ರಿಟರ್ನ್, ರೀಫಂಡ್ ಅಂತ ನಾಲ್ಕಾಗತ್ತೆ, ಮೇಲೊಂದು ಒಟ್ಟು ನೋಟದ ಪೇಜು. ಈಗ ಹೆಸರು. ಪೇಜ್‌ಗಳಿಗೆ 1, 2, 3 ಅಂತ ನಂಬರ್ ಕೊಡೋ ಆಸೆ ಆಗತ್ತೆ, ಕೊಡಬೇಡಿ, ನಾಳೆ ಮಧ್ಯೆ ಒಂದು ಪೇಜ್ ತೂರಿಸಿದ್ರೆ ಎಲ್ಲಾ ಗುರುತೂ ಸುಳ್ಳಾಗ್ತವೆ. ಬದಲಿಗೆ ಮೂರಕ್ಷರದ ಕೋಡ್ ಕೊಡಿ: PAY, STK, RET, REF, ಮೇಲಿನದಕ್ಕೆ ORD. ಒಳಗಿನ ಬಾಕ್ಸ್‌ಗಳಿಗೆ 10, 20, 30 ಅಂತ ಹತ್ತತ್ತು ಬಿಟ್ಟು ನಂಬರ್ ಹಾಕಿ, ಆಮೇಲೆ 30ಕ್ಕೂ 40ಕ್ಕೂ ಮಧ್ಯೆ ಹೊಸ ಬಾಕ್ಸ್ ಬಂದ್ರೆ 35 ಅಂದ್ರಾಯ್ತು, ಉಳಿದದ್ದನ್ನ ಮುಟ್ಟೋದು ಬೇಡ. ಬಾಕ್ಸೊಳಗಿನ ಮಾತೂ ಒಂದೇ ಥರ ಇರ್ಲಿ. ಒಂದು ಪೇಜಲ್ಲಿ 'ಗಿರಾಕಿ', ಇನ್ನೊಂದರಲ್ಲಿ 'ಕಸ್ಟಮರ್', ಮತ್ತೊಂದರಲ್ಲಿ 'ಬಳಕೆದಾರ' ಅಂತ ಬರೆದ್ರೆ ಓದೋರು ಮೂರು ಜನ ಇದಾರೆ ಅಂದ್ಕೋತಾರೆ.

ಇನ್ನು ಗಡಿ ದಾಟೋ ಬಾಣಗಳು. ಬಾಣ ಕತ್ತರಿಸಿದ ಜಾಗದಲ್ಲಿ ಆಫ್-ಪೇಜ್ ಗುರುತು ಹಾಕ್ಬೇಕು, ಅದೇ ಕೆಳಗೆ ಚೂಪಾಗಿರೋ ಐದು ಮೂಲೆ ಆಕಾರ. ಅದೇ ಪೇಜಲ್ಲಿ ದೂರದ ಬಾಕ್ಸ್‌ಗೆ ಹಾರೋಕಾದ್ರೆ ಸಣ್ಣ ವೃತ್ತ ಸಾಕು, ಎರಡನ್ನೂ ಬೆರೆಸಬೇಡಿ. ಪ್ರತಿ ಗುರುತಿಗೂ ಕಳಿಸೋ ಪೇಜಿನ ಕೋಡ್ ಜೊತೆ ಒಂದು ಅಕ್ಷರ ಸೇರಿಸಿ ಹೆಸರಿಡಿ, ಆಗ ಎರಡು ಪೇಜ್‌ಗಳ ಹೆಸರು ಒಂದಕ್ಕೊಂದು ಡಿಕ್ಕಿ ಹೊಡಿಯಲ್ಲ. PAY ಪೇಜಲ್ಲಿ ಹೊರಗೆ ಹೋಗೋ ಗುರುತಲ್ಲಿ `PAY-A → STK 10` ಅಂತ ಬರೀರಿ, STK ಪೇಜಲ್ಲಿ ಒಳಗೆ ಬರೋ ಕಡೆ `PAY-A ← PAY 70` ಅಂತ. ಬರೀ A ಅಂತ ಗೀಚಿಬಿಟ್ರೆ ಓದೋರು ಎಲ್ಲಾ ಪೇಜ್ ತಿರುವಿ ಇನ್ನೊಂದು A ಹುಡುಕ್ಬೇಕು.

ಈಗ ಬಹಳ ಜನ ಎಡವೋ ಜಾಗ, ರೀಫಂಡು. ಪ್ಯಾಕ್ ಮಾಡುವಾಗ ಮಾಲು ಒಡೆದಿದೆ ಅಂತ ಗೊತ್ತಾದ್ರೂ ರೀಫಂಡ್ ಬೇಕು, ಗಿರಾಕಿ ವಾಪಸ್ ಕಳಿಸಿದ್ರೂ ಬೇಕು. ಎರಡೂ ಕಡೆಯಿಂದ ಆಫ್-ಪೇಜ್ ಗುರುತು ಹಾಕಿ REF ಪೇಜ್‌ಗೆ ಕಳಿಸಿದ್ರೆ ಹೋಗೋದೇನೋ ಹೋಗತ್ತೆ, ಆದ್ರೆ ರೀಫಂಡ್ ಮುಗಿದ ಮೇಲೆ? ಒಡೆದ ಮಾಲಾದ್ರೆ ಆರ್ಡರ್ ಕ್ಲೋಸ್ ಮಾಡ್ಬೇಕು, ರಿಟರ್ನ್ ಆದ್ರೆ ಮಾಲನ್ನ ಸ್ಟಾಕ್‌ಗೆ ಸೇರಿಸ್ಬೇಕು, REF ಪೇಜಿನ ಕೊನೇ ಬಾಕ್ಸ್‌ಗೆ ಇದು ಯಾವ ಕಡೆಯಿಂದ ಬಂದದ್ದು ಅಂತ ಗೊತ್ತೇ ಇರಲ್ಲ. ಆಗ ಕೆಲವರು ಅಲ್ಲೊಂದು 'ಎಲ್ಲಿಂದ ಬಂತು?' ಅನ್ನೋ ಡೈಮಂಡ್ ಹಾಕ್ತಾರೆ. ನಿಮ್ಮ ಚಾರ್ಟಲ್ಲೂ ಅಂಥ ಡೈಮಂಡ್ ಕಂಡ್ರೆ ತಿಳ್ಕೊಳ್ಳಿ, ಗುರುತು ತಪ್ಪಾಗಿದೆ. ಆಫ್-ಪೇಜ್ ಗುರುತು ಅಂದ್ರೆ ಹೋದದ್ದು ಹೋಯ್ತು, ವಾಪಸ್ ಬರಲ್ಲ. ಹೋಗಿ, ಕೆಲಸ ಮುಗಿಸಿ, ಹೊರಟ ಜಾಗಕ್ಕೇ ಬರ್ಬೇಕು ಅಂದ್ರೆ ಎಡಕ್ಕೂ ಬಲಕ್ಕೂ ಜೋಡಿ ಗೆರೆ ಇರೋ ಸಬ್‌ಪ್ರೊಸೆಸ್ ಬಾಕ್ಸ್ ಹಾಕ್ಬೇಕು. STK 40ರಲ್ಲಿ ಒಂದು, RET 40ರಲ್ಲಿ ಒಂದು, ಎರಡರೊಳಗೂ `REF ರೀಫಂಡ್` ಅಂತ ಬರೀರಿ, ಬಾಣ ಅದರಿಂದ ಮುಂದಕ್ಕೆ ತಂತಮ್ಮ ದಾರೀಲಿ ಹೋಗ್ಲಿ. REF ಪೇಜು ಮಾಮೂಲಿ ಶುರು-ಕೊನೆ ಇರೋ ಸ್ವತಂತ್ರ ಚಾರ್ಟ್ ಆಗತ್ತೆ, ತಲೇಲಿ 'ಕರೆಯೋದು: STK 40, RET 40' ಅಂತ ಒಂದು ಸಾಲು ಇರ್ಲಿ.

ಇಷ್ಟಾದ ಮೇಲೆ ಉಳಿಯೋ ಗುರುತುಗಳು ಮೂರೇ. ಅವನ್ನ ಪಟ್ಟಿ ಮಾಡಿ ORD ಪೇಜಿನ ಮೂಲೇಲಿ ಹಾಕಿ:

```
PAY-A   PAY 70 -> STK 10   ಹಣ ಬಂತು
STK-A   STK 60 -> RET 10   ಡೆಲಿವರಿ ಆಯ್ತು
RET-A   RET 50 -> STK 80   ಮಾಲು ವಾಪಸ್ ಸ್ಟಾಕ್‌ಗೆ
```

ORD ಪೇಜಲ್ಲಿ ಪೇಜ್‌ಗೊಂದು ಬಾಕ್ಸು, ಮಧ್ಯೆ ಇವೇ ಮೂರು ಬಾಣ, ಇದೇ ಹೆಸರು. ಅಲ್ಲಿ ನಾಲ್ಕನೇ ಬಾಣ ಕಂಡ್ರೆ ಎಲ್ಲೋ ಒಂದು ಗುರುತು ಬಿಟ್ಟುಹೋಗಿದೆ ಅಂತ ಅರ್ಥ. ಮೂರಕ್ಕಿಂತ ಕಮ್ಮಿ ಇದ್ರೆ ಒಟ್ಟು ನೋಟನೇ ಹಳೇದು. ತೆಗೆದುಹಾಕಿದ ಗುರುತಿನ ಹೆಸರನ್ನ ಬೇರೆಯದಕ್ಕೆ ಮತ್ತೆ ಕೊಡಬೇಡಿ, ಹಳೇ ಪ್ರಿಂಟ್ ಕೈಲಿ ಹಿಡ್ಕೊಂಡೋರು ದಾರಿ ತಪ್ತಾರೆ.

ಟೂಲ್ ಬಗ್ಗೆ ಸ್ವಲ್ಪ. ವಿಸಿಯೊದಲ್ಲಿ ಆಫ್-ಪೇಜ್ ರೆಫರೆನ್ಸ್ ಶೇಪ್ ಎಳೆದು ಹಾಕಿದ್ರೆ, ಆ ಕಡೆ ಪೇಜಲ್ಲೂ ಜೋಡಿ ಹಾಕ್ಲಾ, ಎರಡರ ಬರಹ ಒಂದೇ ಇಡ್ಲಾ ಅಂತ ಅದೇ ಕೇಳತ್ತೆ. ಬರಹ ಒಂದೇ ಇಡೋ ಟಿಕ್ ಮಾತ್ರ ತೆಗೀರಿ, ನಮ್ಮ ಲೆಕ್ಕದಲ್ಲಿ ಎರಡು ಕಡೆ ಬರಹ ಬೇರೆ ಬೇರೆ. ಡ್ರಾ.ಐಒದಲ್ಲಿ ಶೇಪ್ ಆಯ್ಕೆ ಮಾಡಿ `Edit Link` ಒತ್ತಿದ್ರೆ ಬೇರೆ ಪೇಜ್‌ಗೆ ಲಿಂಕ್ ಕೊಡಬಹುದು. ಪೇಜಿನ ಹೆಸರು ಬದಲಾಯಿಸಿದ್ರೂ ಆ ಲಿಂಕ್ ಮುರಿಯಲ್ಲ, ಆದ್ರೆ ಶೇಪ್ ಒಳಗೆ ನೀವು ಕೈಯಾರೆ ಬರೆದ ಕೋಡ್ ಹಳೇದೇ ಉಳಿಯತ್ತೆ. ಹಾಗಾಗಿ ಕ್ಲಿಕ್ ಸರಿಯಾಗಿ ಹೋಗ್ತಿದೆ ಅಂತ ನೆಮ್ಮದಿಯಾಗಿರಬೇಡಿ, ಪ್ರಿಂಟಲ್ಲಿ ಓದೋರಿಗೆ ಆ ಬರಹವೇ ಲಿಂಕು. ಪೇಜ್ ಕಾಪಿ ಮಾಡಿ ಹೊಸದು ಮಾಡಿದಾಗ್ಲೂ ಹಳೇ ಗುರುತುಗಳು ಜೊತೇಲೇ ಬಂದು ಕೂತಿರ್ತವೆ, ನೋಡ್ಕೊಳ್ಳಿ.

ಕೊನೇಲಿ ಪರೀಕ್ಷೆಗೆ, ಚಾರ್ಟ್ ನೋಡೇ ಇಲ್ಲದ ಒಬ್ಬರ ಕೈಗೆ ಪ್ರಿಂಟ್ ಕೊಟ್ಟು, PAY 10ರಿಂದ ಒಂದು ಆರ್ಡರನ್ನ ಬೆರಳಿಟ್ಟು ರಿಟರ್ನ್ ತನಕ ನಡೆಸೋಕೆ ಹೇಳಿ. 'ಇಲ್ಲಿಂದ ಎಲ್ಲಿಗೆ?' ಅಂತ ಅವರು ತಲೆ ಎತ್ತಿದ ಜಾಗದ ಗುರುತನ್ನ ತಿದ್ದಿ. ಮುಂದೆ ಯಾವುದಾದ್ರೂ ಪೇಜ್ ಮತ್ತೆ ತುಂಬಿಕೊಂಡ್ರೆ ಇದೇ ರೀತಿ ಎಣಿಸಿ ಒಡೀರಿ, ಆದ್ರೆ ಒಡೆದ ತುಂಡಲ್ಲಿ ಮೂರ್ನಾಲ್ಕು ಬಾಕ್ಸ್ ಮಾತ್ರ ಉಳಿಯೋದಾದ್ರೆ ಬಿಟ್ಬಿಡಿ, ಅಷ್ಟಕ್ಕೆ ಪೇಜ್ ತಿರುವೋ ತಾಪತ್ರಯನೇ ಜಾಸ್ತಿ.